‘ಅಂಬ್ರ್’ ಅಳಿಸಿದರೆ ಗದ್ದೆ ಯಾರದ್ದು? ಸಾಸ್ತಾನದ ಒಂದು ವಾಯ್ಸ್ ನೋಟ್, 1974ರ ಒಂದು ಅರ್ಜಿ

ಇವತ್ತಿನ ಕಂತಿನಲ್ಲಿ ನಾವು ಹೇಳುವುದು ಎರಡು ನಿಮಿಷದ ಒಂದು ಧ್ವನಿ ಸಂದೇಶದ ಕಥೆ. ಕಳುಹಿಸಿದವರು ಸಾಸ್ತಾನದ ಕಡೆಯ ಒಬ್ಬ ಹಿರಿಯರು. ಅವರ ಅಣ್ಣನ ಮಗ, ‘ಚಿಕ್ಕಯ್ಯ, ಮನೆಯ ಗದ್ದೆ ನಮಗೆ ಹೇಗೆ ಬಂತು ಅಂತ ಒಮ್ಮೆ ಹೇಳಿಬಿಡಿ, ಬರೆದಿಡುವ’ ಅಂತ ಕೇಳಿದ್ದರು. ಹಿರಿಯರು ಜಗಲಿಯಲ್ಲಿ ಕೂತು ಹೇಳಿದರು. ಮಗ ಅದನ್ನು ಚೊಕ್ಕ ಮಾಡಿ ಆರು ಸಾಲಿನ ಟಿಪ್ಪಣಿಯಾಗಿ ಮನೆಯ ಗ್ರೂಪಿಗೆ ಹಾಕಿದರು. ಅರ್ಧ ಗಂಟೆಯಲ್ಲಿ ಜಗಳ ಶುರುವಾಯಿತು. ಹೆಸರು, ಮನೆತನ, ಗದ್ದೆಯ ಗುರುತು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಮಾತನ್ನು ಮಾತ್ರ ಕೇಳುವ.

ಮೊದಲು ಸ್ವಲ್ಪ ಹಿನ್ನೆಲೆ. ಇವತ್ತು ಸಾಸ್ತಾನ ಬ್ರಹ್ಮಾವರ ತಾಲೂಕಿನಲ್ಲಿದೆ. ಆಗ ಉಡುಪಿ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ. ಕರಾವಳಿಯಲ್ಲಿ ಗದ್ದೆ ಮಾಡುವವರಲ್ಲಿ ಬಹಳ ಜನ ಗೇಣಿ ಒಕ್ಕಲುಗಳು. ಗದ್ದೆ ಧಣಿಯದ್ದು, ದುಡಿಮೆ ಒಕ್ಕಲಿನದ್ದು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಗೇಣಿ. 1974ರ ಮಾರ್ಚ್ 1ರಂದು ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂತು. ಆಗ ದೇವರಾಜ ಅರಸು ಮುಖ್ಯಮಂತ್ರಿ. ಗೇಣಿ ಜಮೀನು ಸರಕಾರಕ್ಕೆ ಸೇರಿತು. ಆ ದಿನಕ್ಕೆ ಮೊದಲು ಯಾರು ಗೇಣಿದಾರನಾಗಿ ಉಳುತ್ತಿದ್ದನೋ ಅವನು ‘ಫಾರಂ 7’ ತುಂಬಿಸಿ ಅರ್ಜಿ ಹಾಕಬೇಕಿತ್ತು. ಅರ್ಜಿಯ ಗಡುವು ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ತೀರ್ಮಾನ ಮಾಡುವುದು ಭೂ ನ್ಯಾಯಮಂಡಳಿ.

ಎಷ್ಟೋ ಒಕ್ಕಲುಗಳ ಕೈಯಲ್ಲಿ ಗೇಣಿ ಚೀಟಿಯೂ ಇರಲಿಲ್ಲ. ಇದ್ದದ್ದು ಬಾಯಿ ಮಾತು. ಆ ಬಾಯಿ ಮಾತನ್ನು ಕಾಗದಕ್ಕೆ ಇಳಿಸುವುದು ಹೇಗೆ ಎಂಬುದಕ್ಕೆ ಕಾಯಿದೆಯಲ್ಲೇ ಒಂದು ಕ್ರಮ ಇತ್ತು. 1964ರ ಭೂಕಂದಾಯ ಕಾಯಿದೆಯ 34ನೇ ಕಲಂ ಸಂಕ್ಷಿಪ್ತ ವಿಚಾರಣೆಗೆ ಸಂಬಂಧಿಸಿದ್ದು. ವಿಚಾರಣೆ ನಡೆಯುತ್ತಿದ್ದ ಹಾಗೆ ಅಧಿಕಾರಿ ತನ್ನ ಕೈಯಲ್ಲೇ ಟಿಪ್ಪಣಿ ಬರೆಯಬೇಕು, ಅದರಲ್ಲಿ ಸಾಕ್ಷ್ಯದ ಮುಖ್ಯ ಭಾಗಗಳು ಇರಬೇಕು ಅಂತ ಅದು ಹೇಳುತ್ತದೆ. ಅಂದರೆ ಎಲ್ಲವೂ ಬೇಡ, ಮುಖ್ಯವಾದದ್ದು ಸಾಕು. ಯಾವುದು ಮುಖ್ಯ, ಯಾವುದು ಬರೀ ತಡವರಿಕೆ? ತೊಂದರೆ ಅಲ್ಲೇ. ಹೇಳಿಕೆ ಸರಿಯಾಗಿ ದಾಖಲಾಗಿಲ್ಲ ಎಂಬ ಕಾರಣಕ್ಕೇ ಹೈಕೋರ್ಟ್ ನ್ಯಾಯಮಂಡಳಿಗೆ ವಾಪಸು ಕಳುಹಿಸಿದ ಪ್ರಕರಣಗಳಿವೆ. ಐವತ್ತು ವರ್ಷದ ನಂತರ ಈ ಮನೆಯ ಗ್ರೂಪಿನಲ್ಲೂ ಅದೇ ಪ್ರಶ್ನೆ ಎದ್ದಿತು.

ಈಗ ಹಿರಿಯರ ಮಾತು, ಕೇಳಿದ ಹಾಗೇ:

“ಹ್ವಾಯ್, ಕೇಣ್ತಾ? ಹಾಂ. ಈಗ, ಎಂತ ಅಂದ್ರೆ, ಆ ಗದ್ದಿ... ಆ ತೋಡಿನ್ ಬದಿ ಗದ್ದಿ ಇತ್ತಲೆ, ಅದ್ ಅಪ್ಪಯ್ಯ ಗೇಣಿಗ್ ಮಾಡದ್. ಹತ್ತ್ ಮುಡಿ... ಅಲ್ಲ, ಗದ್ದಿ ಮೂರ್ ಮುಡಿದ್, ಗೇಣಿ ಹತ್ತ್ ಮುಡಿ. ಅಜ್ಜಯ್ಯನ್ ಕಾಲ್ದಗೇ ಹಿಡ್ದದ್ ಅಂಬ್ರ್, ನಾ ಕಂಡದ್ದಲ್ಲ. ಮತ್ತೆ, ಎಂತದ್, ಆ... ಅಪ್ಪಯ್ಯ ತೀರ್ಹೋದ್ ಮೇಲೆ, ಎಪ್ಪತ್ನಾಕ್ರ ಮಳಿಗಾಲ... ಅಲ್ಲಲ್ಲ, ತಡಿ... ತಂಗಿ ಮದಿ ಆದ್ ವರ್ಷ, ಎಪ್ಪತ್ಮೂರ್. ಎಪ್ಪತ್ಮೂರ್ ಮಳಿಗಾಲ ನಾನೂ ಅಣ್ಣನೂ ನಟ್ಟಿ ಮಾಡದ್. ತಮ್ಮ ಬೊಂಬಾಯಗೆ ಹೋಟ್ಲಗೆ ಇದ್ದ. ದುಡ್ಡ್ ಕಳ್ಸ್ತಿದ್ದ, ಅದ್ ಸುಳ್ಳ್ ಹೇಳುಕಾಗ. ಕಡಿಗ್ ಅರ್ಜಿ, ಆ ಏಳ್ನೇ ನಂಬ್ರ ಅರ್ಜಿ, ಅಣ್ಣನ್ ಹೆಸ್ರಗೆ ಹಾಕದ್, ಮನಿಗ್ ಅಂದೇಳಿ. ಧಣಿಯರ್ ಬಂದ್ ಬೇಡ ಅಂದ್ರ್ ಅಂಬ್ರ್, ಅಣ್ಣ ಹೇಳದ್. ಹೇಳ್ಕಿ ಕೊಟ್ಟದ್ ಅಣ್ಣ ಒಬ್ನೇ. ಗೊತ್ತಾಯ್ತಲೆ? ಅಷ್ಟೇ ಮಾರಾಯ.”

ಅಣ್ಣನ ಮಗ ಮೊದಲು ಬರೆದ ಟಿಪ್ಪಣಿ ಹೀಗಿತ್ತು:

“ಗದ್ದೆ 10 ಮುಡಿ. ಅಜ್ಜನ ಕಾಲದಿಂದ ಗೇಣಿಗೆ ಇತ್ತು. 1974ರ ಮಳೆಗಾಲದಲ್ಲಿ ಅಪ್ಪ ಮತ್ತು ಚಿಕ್ಕಯ್ಯ ನಟ್ಟಿ ಮಾಡಿದರು. ಕಿರಿಯ ಚಿಕ್ಕಯ್ಯ ಬೊಂಬಾಯಿಯಲ್ಲಿದ್ದರು. ಅಪ್ಪ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿದರು. ಧಣಿ ವಿರೋಧಿಸಿದರು.”

ಓದುವುದಕ್ಕೆ ಚೆಂದ. ಮೋಸ ಮಾಡುವ ಉದ್ದೇಶವೂ ಅವರಿಗಿರಲಿಲ್ಲ. ಆದರೆ ಬೊಂಬಾಯಿಗೆ ಹೋದವರ ಮಗಳು ಆಡಿಯೋ ಮತ್ತೆ ಕೇಳಿ, ‘ಅಣ್ಣ, ದೊಡ್ಡಪ್ಪ ಹೀಗೆ ಹೇಳಲಿಲ್ಲ’ ಅಂದರು. ಅವರು ಹೇಳಿದ್ದು ಸರಿ. ಒಂದೊಂದಾಗಿ ನೋಡುವ.

ಮೊದಲನೆಯದು ಮುಡಿಯ ಲೆಕ್ಕ. ನಮ್ಮ ಕಡೆ ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಅಳತೆ. ಅದೇ ಮುಡಿಯಲ್ಲಿ ಗದ್ದೆಯ ವಿಸ್ತೀರ್ಣವನ್ನೂ ಹೇಳುತ್ತೇವೆ, ಎಷ್ಟು ಮುಡಿ ಬೀಜ ಬಿತ್ತುವ ಗದ್ದೆ ಅಂತ. ಹಿರಿಯರು ‘ಹತ್ತ್ ಮುಡಿ’ ಅಂದು, ‘ಅಲ್ಲ’ ಅಂತ ತಿದ್ದಿಕೊಂಡು, ಎರಡನ್ನೂ ಬೇರೆ ಮಾಡಿ ಹೇಳಿದರು. ಟಿಪ್ಪಣಿ ಬರೆದವರು ಮೊದಲ ಸಂಖ್ಯೆಯನ್ನೇ ಹಿಡಿದುಕೊಂಡರು. ಮೂರು ಮುಡಿಯ ಗದ್ದೆ ಹತ್ತು ಮುಡಿಯದ್ದಾಯಿತು, ಗೇಣಿ ಎಷ್ಟೆಂಬುದು ಮಾಯವಾಯಿತು. ಆಡುಮಾತಿನಲ್ಲಿ ‘ಅಲ್ಲ’, ‘ಅಲ್ಲಲ್ಲ’, ‘ತಡಿ’ ಬಂದ ಕೂಡಲೇ ಬರೆಯುವ ಕೈ ನಿಲ್ಲಬೇಕು. ತಿದ್ದುಪಡಿಯ ಹಿಂದಿನದನ್ನು ಬಿಡಬಹುದು, ಮುಂದಿನದನ್ನು ಬಿಡುವ ಹಾಗಿಲ್ಲ.

ಎರಡನೆಯದು ವರ್ಷ. ಇಡೀ ಸಂದೇಶದ ಬೆನ್ನೆಲುಬು ಇದು. ಕಾಯಿದೆ ಕೇಳುವುದು 1974ರ ಮಾರ್ಚ್ 1ಕ್ಕೆ ಮೊದಲು ಯಾರು ಉಳುತ್ತಿದ್ದರು ಅಂತ. 1973ರ ಮಳೆಗಾಲದ ನಟ್ಟಿ ಆ ದಿನಕ್ಕೆ ಮೊದಲಿನದು. 1974ರ ಮಳೆಗಾಲ ಅಂದರೆ ಜೂನ್ ನಂತರ, ಗಡಿ ದಾಟಿದ ಮೇಲಿನದು. ಒಂದು ಅಂಕೆ ತಪ್ಪಿದರೆ, ಮನೆಯವರು ಕಾಯಿದೆ ಬಂದ ಮೇಲೆ ಗದ್ದೆಗೆ ಇಳಿದರು ಎಂಬ ಅರ್ಥ ಬರುತ್ತದೆ. ಇದನ್ನೇ ಧಣಿಯ ಕಡೆಯವರು ಹೇಳುವುದಿತ್ತು! ಹಿರಿಯರು ವರ್ಷವನ್ನು ತಿದ್ದಿದ್ದು ಸುಮ್ಮನೆ ಅಲ್ಲ, ತಂಗಿಯ ಮದುವೆಯ ನೆನಪನ್ನು ಹಿಡಿದು ತಿದ್ದಿದರು. ಹಾಗಾಗಿ ಟಿಪ್ಪಣಿಯಲ್ಲಿ ವರ್ಷದ ಜೊತೆಗೆ ಆ ಮದುವೆಯೂ ಇರಬೇಕು. ಮುಂದೆ ಯಾರಾದರೂ ಮದುವೆಯ ಕಾಗದ ಹುಡುಕಿ ತಾಳೆ ನೋಡಬಹುದಲ್ಲ.

ಮೂರನೆಯದು ‘ಅಂಬ್ರ್’. ಕುಂದಗನ್ನಡ ಗೊತ್ತಿಲ್ಲದವರಿಗೆ ಇದು ವಾಕ್ಯದ ಬಾಲದಲ್ಲಿ ಬರುವ ಒಂದು ಶಬ್ದ, ಅಷ್ಟೇ. ಗೊತ್ತಿರುವವರಿಗೆ ಇದು ‘ಅಂತೆ’. ನಾನು ಕಂಡದ್ದಲ್ಲ, ಕೇಳಿದ್ದು ಅಂತ ಹೇಳುವವರು ಹಾಕುವ ಗುರುತು. ಹಿರಿಯರು ಎರಡು ಸಲ ಹಾಕಿದ್ದಾರೆ. ಅಜ್ಜನ ಕಾಲದ ಗೇಣಿಗೆ ಒಮ್ಮೆ, ಧಣಿ ಬಂದು ಬೇಡ ಅಂದದ್ದಕ್ಕೆ ಇನ್ನೊಮ್ಮೆ. ನಟ್ಟಿ ಮಾಡಿದ್ದಕ್ಕೆ ಹಾಕಿಲ್ಲ, ಯಾಕಂದ್ರೆ ಆ ಕೆಸರಿನಲ್ಲಿ ಅವರೇ ಇದ್ದರು. ‘ಅಂಬ್ರ್’ ಅಳಿಸಿದರೆ ಕಂಡ ಸಾಕ್ಷಿ, ಕೇಳಿದ ಸುದ್ದಿ ಎರಡೂ ಒಂದೇ ತಕ್ಕಡಿಗೆ ಬರುತ್ತವೆ. ಬದುಕಿಲ್ಲದ ಧಣಿಯ ಮೇಲೆ, ಕಣ್ಣಾರೆ ಕಂಡವರ ಹೆಸರಿನಲ್ಲಿ ಒಂದು ಆರೋಪವೂ ಬೀಳುತ್ತದೆ.

ನಾಲ್ಕನೆಯದೇ ಜಗಳದ ಮೂಲ: ‘ಮನಿಗ್ ಅಂದೇಳಿ’. ‘ಅಂದೇಳಿ’ ಎಂಬುದನ್ನು ನಾವು ದಿನಕ್ಕೆ ನೂರು ಸಲ ಹೇಳುತ್ತೇವೆ, ಬಹಳ ಸಲ ಅದಕ್ಕೆ ಏನೂ ತೂಕ ಇರುವುದಿಲ್ಲ. ಇಲ್ಲಿ ಇದೆ. ಅರ್ಜಿ ಅಣ್ಣನ ಹೆಸರಿನಲ್ಲಿ ಇದ್ದರೂ ಅದು ಇಡೀ ಮನೆಗಾಗಿ ಅಂತ ಅವರು ಹೇಳುತ್ತಿದ್ದಾರೆ. ಹಿರಿಯ ಮಗನ ಹೆಸರಿನಲ್ಲಿ ಸಿಕ್ಕಿದ ಗೇಣಿ ಹಕ್ಕು ಅವನೊಬ್ಬನದೋ, ಒಟ್ಟು ಕುಟುಂಬದ್ದೋ ಎಂಬ ವ್ಯಾಜ್ಯ ಹೈಕೋರ್ಟಿನ ತನಕ ಹೋದದ್ದಿದೆ. ಟಿಪ್ಪಣಿಯಲ್ಲಿ ಆ ಎರಡು ಶಬ್ದ ಬಿಟ್ಟು, ‘ತಮ್ಮ ಹೆಸರಿನಲ್ಲಿ’ ಅಂತ ಸೇರಿಸಿದಾಗ ಬೊಂಬಾಯಿಯ ತಮ್ಮ ಮನೆಯಿಂದ ಹೊರಗೆ ಬಿದ್ದ. ಅವನು ಕಳುಹಿಸಿದ ದುಡ್ಡಿನ ಮಾತೂ ಬಿದ್ದುಹೋಯಿತು. ‘ಸುಳ್ಳ್ ಹೇಳುಕಾಗ’ ಅಂತ ಹಿರಿಯರು ಒತ್ತಿ ಹೇಳಿದ ಜಾಗವೇ ಅದು.

ಹಾಗಾದರೆ ಏನನ್ನು ತೆಗೆಯಬಹುದು? ‘ಹ್ವಾಯ್, ಕೇಣ್ತಾ’, ‘ಎಂತ ಅಂದ್ರೆ’, ‘ಎಂತದ್, ಆ’, ‘ಗೊತ್ತಾಯ್ತಲೆ’, ‘ಮಾರಾಯ’. ಇವು ಮಾತಿನ ಓಟಕ್ಕೆ ಬೇಕು, ಟಿಪ್ಪಣಿಗೆ ಬೇಡ. ಒಂದು ಪರೀಕ್ಷೆ ಇದೆ. ಶಬ್ದವನ್ನು ಕೈಯಿಂದ ಮುಚ್ಚಿ ವಾಕ್ಯ ಓದಿ. ಯಾರು, ಯಾವಾಗ, ಎಷ್ಟು, ಯಾಕೆ, ಹೇಳುವವರಿಗೆ ಹೇಗೆ ಗೊತ್ತು, ಈ ಐದರಲ್ಲಿ ಒಂದಾದರೂ ಬದಲಾದರೆ ಶಬ್ದ ಉಳಿಯಬೇಕು. ಬದಲಾಗದಿದ್ದರೆ ಹೋಗಲಿ.

ಅಣ್ಣ ತಂಗಿ ಇಬ್ಬರೂ ಕೂತು ಎರಡನೇ ಸಲ ಬರೆದರು. ಮೊದಲು ಕೇಳಿದ್ದನ್ನೆಲ್ಲ ಹಾಗೇ ಬರೆದರು. ಆಮೇಲೆ ತಿದ್ದುಪಡಿಗೆ ಅಡ್ಡಗೆರೆ, ‘ಅಂಬ್ರ್’ಗೆ ಸುತ್ತು ಹಾಕಿದರು. ಕೊನೆಗೆ ಟಿಪ್ಪಣಿ. ‘ಅಣ್ಣ’, ‘ತಮ್ಮ’ ಎಂಬಲ್ಲಿ ಓದುವವರಿಗೆ ತಿಳಿಯುವ ಹಾಗೆ ಹಿರಿಯವರು, ಕಿರಿಯವರು ಅಂತ ಮಾಡಿದರು:

“ತೋಡಿನ ಬದಿಯ ಗದ್ದೆ 3 ಮುಡಿಯದ್ದು, ಗೇಣಿ 10 ಮುಡಿ. ಹೇಳುವವರ ತಂದೆ ಅದನ್ನು ಗೇಣಿಗೆ ಮಾಡುತ್ತಿದ್ದರು. ಅಜ್ಜನ ಕಾಲದಲ್ಲೇ ಹಿಡಿದದ್ದಂತೆ, ಹೇಳುವವರು ಕಂಡದ್ದಲ್ಲ. ತಂದೆ ತೀರಿಹೋದ ಮೇಲೆ 1973ರ ಮಳೆಗಾಲದಲ್ಲಿ (ಮೊದಲು 1974 ಅಂದು, ತಂಗಿಯ ಮದುವೆಯ ವರ್ಷ ಎಂದು ನೆನೆದು ತಿದ್ದಿದರು) ಹೇಳುವವರು ಮತ್ತು ಅವರ ಅಣ್ಣ ನಟ್ಟಿ ಮಾಡಿದರು. ಕಿರಿಯ ತಮ್ಮ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದು ದುಡ್ಡು ಕಳುಹಿಸುತ್ತಿದ್ದರು. ಇದನ್ನು ಒತ್ತಿ ಹೇಳಿದರು. ಫಾರಂ 7ರ ಅರ್ಜಿಯನ್ನು ಮನೆಗಾಗಿ ಅಂತ ಅಣ್ಣನ ಹೆಸರಿನಲ್ಲಿ ಹಾಕಿದ್ದು. ಧಣಿ ಬಂದು ಬೇಡ ಅಂದರಂತೆ. ಇದು ಅಣ್ಣ ಹೇಳಿ ಗೊತ್ತು. ಹೇಳಿಕೆ ಕೊಟ್ಟವರು ಅಣ್ಣ ಒಬ್ಬರೇ.”

ಇದನ್ನು ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದರು. ಅವರು ಕೇಳಿ, ‘ಗೇಣಿ ಹತ್ತ್ ಮುಡಿ ಹೌದ್, ಆರೆ ಮಳಿ ಕೆಟ್ಟ್ ವರ್ಷ ಕಮ್ಮಿ ಕೊಟ್ಟದ್ದಿತ್ತ್’ ಅಂದರು. ಈ ಮಾತನ್ನು ಮೇಲಿನ ಟಿಪ್ಪಣಿಯೊಳಗೆ ತೂರಿಸಲಿಲ್ಲ. ಕೆಳಗೆ ಗೆರೆ ಎಳೆದು, ‘ಓದಿ ಹೇಳಿದಾಗ ಸೇರಿಸಿದ್ದು’ ಅಂತ ತಾರೀಕು ಹಾಕಿ ಬರೆದರು. ಅದೇ ಸರಿ. ಅದು ಬೇರೆ ದಿನದ ಮಾತು, ಬೇರೆ ಪ್ರಶ್ನೆಗೆ ಬಂದದ್ದು. ಮೂಲ ಆಡಿಯೋವನ್ನೂ ಅಳಿಸದೆ ಇಬ್ಬರ ಹತ್ತಿರವೂ ಇಟ್ಟುಕೊಂಡಿದ್ದಾರೆ.

ಈ ಟಿಪ್ಪಣಿಯಿಂದ ಗದ್ದೆ ಯಾರದ್ದು ಅಂತ ತೀರ್ಮಾನ ಆಗುವುದಿಲ್ಲ. ಅದಕ್ಕೆ ನ್ಯಾಯಮಂಡಳಿಯ ಆದೇಶ, ಪಹಣಿ, ಹಳೆಯ ಅರ್ಜಿ ನೋಡಬೇಕು. ಇದು ಹೇಳುವುದು ಒಬ್ಬ ಮನುಷ್ಯ ಏನು ಹೇಳಿದರು ಎಂಬುದನ್ನು ಮಾತ್ರ. ಫಾರಂ 7 ತುಂಬಿಸುವಾಗ ಗದ್ದೆಯಲ್ಲಿದ್ದವರು ಈಗ ಎಪ್ಪತ್ತು ದಾಟಿದವರು. ನಿಮ್ಮ ಮನೆಯಲ್ಲೂ ಅಂಥವರು ಮಾತಾಡಿ ಕಳುಹಿಸಿದ ಸಂದೇಶ ಇದ್ದರೆ, ಚೊಕ್ಕ ಮಾಡುವ ಮೊದಲು ‘ಅಂಬ್ರ್’ ಎಲ್ಲೆಲ್ಲಿ ಬಂತು ಅಂತ ಒಮ್ಮೆ ಕೇಳಿ ಕಾಣಿ.