ಜಿಎಸ್‌ಟಿ ಪಾವತಿ: ಖಾತೆಯಿಂದ ಕಡಿತವಾಗಿ ನಗದು ಲೆಡ್ಜರಿಗೆ ಬಾರದ ಹಣ

ಸರಕು ಮತ್ತು ಸೇವಾ ತೆರಿಗೆಯ ಮೊತ್ತ ತೆರಿಗೆದಾರರ ಬ್ಯಾಂಕ್ ಖಾತೆಯಿಂದ ಕಡಿತವಾಗಿದ್ದರೂ ಜಿಎಸ್‌ಟಿ ಪೋರ್ಟಲಿನ ಎಲೆಕ್ಟ್ರಾನಿಕ್ ನಗದು ಲೆಡ್ಜರಿನಲ್ಲಿ ಜಮೆಯಾಗದೆ ಉಳಿಯುವುದುಂಟು. ಕೇಂದ್ರ ಜಿಎಸ್‌ಟಿ ನಿಯಮಗಳು, 2017ರ 87ನೇ ನಿಯಮದ 8ನೇ ಉಪನಿಯಮ ಇದಕ್ಕೆಂದೇ ಇದೆ. ಲೆಡ್ಜರಿನಲ್ಲಿ ಹಣ ಕಾಣದಿದ್ದರೆ ಅದನ್ನು ತೆರಿಗೆಗೆ ಹೊಂದಿಸಲಾಗದು, ಹೊಂದಿಸದೆ ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸಲಾಗದು. ಹೀಗಾಗಿ ಕೊನೆಯ ದಿನದಂದು ಕಟ್ಟಿದ ಹಣ ಸಿಕ್ಕಿಕೊಂಡರೆ ರಿಟರ್ನೂ ತಡವಾಗುತ್ತದೆ.

ಹಣದ ದಾರಿ, ಸುದ್ದಿಯ ದಾರಿ

ಪೋರ್ಟಲಿನಲ್ಲಿ ಪಿಎಂಟಿ-06 ಚಲನ್ ತಯಾರಿಸಿದೊಡನೆ ಅದಕ್ಕೆ 14 ಅಂಕಿಗಳ ಸಿಪಿಐಎನ್ ಸಂಖ್ಯೆ ಬೀಳುತ್ತದೆ. ಇದು ಬರೀ ಚಲನಿನ ಗುರುತು, ಹಣ ಕಟ್ಟಿದ್ದಕ್ಕೆ ಸಾಕ್ಷಿಯಲ್ಲ. ಚಲನಿಗೆ 15 ದಿನಗಳ ಆಯುಸ್ಸು. ತೆರಿಗೆದಾರರು ನೆಟ್ ಬ್ಯಾಂಕಿಂಗ್ ಮೂಲಕ ಹಣ ಕಟ್ಟಿ, ಅದು ಅಧಿಕೃತ ಬ್ಯಾಂಕಿನಲ್ಲಿರುವ ಸರ್ಕಾರದ ಖಾತೆಗೆ ಸೇರಿದ ಮೇಲೆ ಬ್ಯಾಂಕು ಸಿಐಎನ್ ಎಂಬ ಇನ್ನೊಂದು ಸಂಖ್ಯೆ ಕೊಡುತ್ತದೆ. ಸಿಪಿಐಎನ್‌ನ 14 ಅಂಕಿಗಳಿಗೆ ಬ್ಯಾಂಕಿನ ಮೂರಕ್ಷರದ ಸಂಕೇತ ಸೇರಿ ಅದು 17 ಸ್ಥಾನಗಳದ್ದಾಗುತ್ತದೆ. ಬ್ಯಾಂಕಿನ ಗಣಕ ಈ ಸಿಐಎನ್ ಅನ್ನು ಪೋರ್ಟಲಿಗೆ ಕಳುಹಿಸಿದಾಗಲೇ ಲೆಡ್ಜರಿನಲ್ಲಿ ಜಮೆ ಬೀಳುವುದು.

ಅಂದರೆ ಹಣ ಹೋಗುವ ದಾರಿ ಒಂದು, ಹಣ ಬಂತೆಂಬ ಸುದ್ದಿ ಹೋಗುವ ದಾರಿ ಇನ್ನೊಂದು. ಲೆಡ್ಜರ್ ನಡೆಯುವುದು ಸುದ್ದಿಯ ಮೇಲೆ. ಮೂರನೆಯದಾಗಿ, ತುಸು ನಿಧಾನವಾದ ದಾರಿಯೂ ಇದೆ. ದಿನದ ವಸೂಲಿಯ ಲೆಕ್ಕವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೆ ಒಪ್ಪಿಸುತ್ತವೆ, ರಿಸರ್ವ್ ಬ್ಯಾಂಕು ಎಲ್ಲವನ್ನೂ ಕೂಡಿಸಿ ಇ-ಸ್ಕ್ರೋಲ್ ಹೊರಡಿಸುತ್ತದೆ. ತಕ್ಷಣದ ಸುದ್ದಿ ತಪ್ಪಿಹೋದರೂ ಹಣ ಸರ್ಕಾರಕ್ಕೆ ಸೇರಿದ್ದರೆ ಅದು ಇ-ಸ್ಕ್ರೋಲಿನಲ್ಲಿ ಕಾಣಿಸಬೇಕು.

ನೆಫ್ಟ್ ಅಥವಾ ಆರ್‌ಟಿಜಿಎಸ್ ಮೂಲಕ ಕಟ್ಟುವವರಿಗೆ ಏರ್ಪಾಡು ಬೇರೆ. ಅಲ್ಲಿ ಹಣ ಸೇರುವುದು ರಿಸರ್ವ್ ಬ್ಯಾಂಕಿಗೆ, ಸ್ವೀಕರಿಸುವ ಖಾತೆಯ ಸಂಖ್ಯೆಯ ಜಾಗದಲ್ಲಿ ಸಿಪಿಐಎನ್ ಬರೆಯಬೇಕು. ಒಂದಂಕಿ ತಪ್ಪಿದರೂ, ಮೊತ್ತ ಚಲನಿನೊಂದಿಗೆ ತಾಳೆಯಾಗದಿದ್ದರೂ ಜಮೆ ಬೀಳದೆ ಹಣ ಕಳುಹಿಸಿದ ಖಾತೆಗೆ ವಾಪಸಾಗುತ್ತದೆ. ಈ ವಿಧಾನದಲ್ಲಿ ಹಣ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಮ್ಯಾಂಡೇಟ್ ನಮೂನೆಯನ್ನೇ.

ಎಲ್ಲಿ ನಿಂತಿದೆ ಎಂದು ತಿಳಿಯುವ ಬಗೆ

ಪೋರ್ಟಲಿನ Challan History ಪುಟದಲ್ಲಿ ಪ್ರತಿ ಸಿಪಿಐಎನ್ ಮುಂದೆ ಅದರ ಸ್ಥಿತಿ ಇರುತ್ತದೆ. INITIATED ಎಂದಿದ್ದರೆ ಪಾವತಿ ಶುರುವಾಗಿದೆ, ಬ್ಯಾಂಕಿನಿಂದ ಉತ್ತರ ಬಂದಿಲ್ಲ. ಕಾಣೆಯಾದ ಹಣ ಸಾಮಾನ್ಯವಾಗಿ ಈ ಹಂತದ್ದು. AWAITING BANK CONFIRMATION ಎಂದಿದ್ದರೆ ದೋಷ ಬ್ಯಾಂಕಿನದೆಂದು ಕೂಡಲೇ ದೂರುವಂತಿಲ್ಲ. ಕಂಪನಿ ಖಾತೆಗಳಲ್ಲಿ ಒಬ್ಬರು ಪಾವತಿ ದಾಖಲಿಸಿ ಇನ್ನೊಬ್ಬರು ಅನುಮೋದಿಸುವ ಪದ್ಧತಿಯಿದ್ದು, ಆ ಎರಡನೆಯವರ ಒಪ್ಪಿಗೆ ಬಾಕಿಯಿದೆ ಎಂದು ಅದರ ಅರ್ಥ. ಖಾತೆಯ ಸ್ಟೇಟ್‌ಮೆಂಟಿನಲ್ಲಿ ಹಣ ನಿಜಕ್ಕೂ ಕಡಿತವಾಗಿದೆಯೇ, ಮರುದಿನ ವಾಪಸ್ ಜಮೆಯಾಗಿದೆಯೇ ಎಂದು ನೋಡದೆ ಮುಂದಿನ ಹೆಜ್ಜೆ ಇಡಬಾರದು.

ಕಡಿತವಾಗಿ 24 ಗಂಟೆ ಕಳೆದರೂ ಸಿಐಎನ್ ಬಾರದಿದ್ದರೆ ಪಿಎಂಟಿ-07 ಅರ್ಜಿ ಸಲ್ಲಿಸಬಹುದು. ಪೋರ್ಟಲಿನಲ್ಲಿ ಇದು Grievance against Payment ಎಂಬ ಹೆಸರಿನಲ್ಲಿದೆ. ಸಿಪಿಐಎನ್, ಬ್ಯಾಂಕಿನ ಹೆಸರು, ಕಡಿತವಾದ ದಿನಾಂಕ, ಬ್ಯಾಂಕ್ ಉಲ್ಲೇಖ ಸಂಖ್ಯೆ ಅಥವಾ ಯುಟಿಆರ್ ಬೇಕಾಗುತ್ತವೆ. ಈ ಅರ್ಜಿ ತೆರಿಗೆ ಅಧಿಕಾರಿಗಲ್ಲ, ಪೋರ್ಟಲ್ ಮೂಲಕ ಬ್ಯಾಂಕಿಗೆ ಅಥವಾ ಪಾವತಿ ಗೇಟ್‌ವೇಗೆ ಮಾಡುವ ನಿವೇದನೆ. ಬ್ಯಾಂಕೇ ಸುಮ್ಮನಿದ್ದರೆ ಬಹುಕಾಲ ಇದಕ್ಕೆ ಪರಿಹಾರವಿರಲಿಲ್ಲ. 2022ರಲ್ಲಿ ಉಪನಿಯಮಕ್ಕೆ ಸೇರಿದ ಪರಂತುಕ ಆ ಕೊರತೆಯನ್ನು ನೀಗಿಸಿತು: ಬ್ಯಾಂಕು ಸಿಐಎನ್ ತಿಳಿಸಲು ವಿಫಲವಾದರೆ, ರಿಸರ್ವ್ ಬ್ಯಾಂಕಿನ ಇ-ಸ್ಕ್ರೋಲಿನ ವಿವರ ಚಲನಿನೊಂದಿಗೆ ಹೊಂದುವಲ್ಲಿ ಅದರ ಆಧಾರದ ಮೇಲೆಯೇ ಲೆಡ್ಜರಿಗೆ ಜಮೆ ಹಾಕಬಹುದು. ‘ಹಾಕಬಹುದು’ ಎಂದಿದೆಯೇ ಹೊರತು ‘ಹಾಕತಕ್ಕದ್ದು’ ಎಂದಿಲ್ಲ ಎಂಬುದನ್ನೂ ಗಮನಿಸಬೇಕು.

ಯಾವ ದಿನಾಂಕ ಲೆಕ್ಕಕ್ಕೆ?

ಈ ವಿಷಯದ ತಿರುಳು ಇಲ್ಲಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 49ನೇ ಸೆಕ್ಷನ್ನಿನ ವಿವರಣೆಯ ಪ್ರಕಾರ, ಅಧಿಕೃತ ಬ್ಯಾಂಕಿನಲ್ಲಿ ಸರ್ಕಾರದ ಖಾತೆಗೆ ಹಣ ಜಮೆಯಾದ ದಿನವೇ ಲೆಡ್ಜರಿನಲ್ಲಿ ಠೇವಣಿಯಾದ ದಿನ. ತೆರಿಗೆದಾರರ ಖಾತೆಯಿಂದ ಕಡಿತವಾದ ದಿನವೂ ಅಲ್ಲ, ಲೆಡ್ಜರಿನಲ್ಲಿ ಕಾಣಿಸಿಕೊಂಡ ದಿನವೂ ಅಲ್ಲ. ಲೆಡ್ಜರಿನ ನಮೂನೆಯಾದ ಪಿಎಂಟಿ-05ರಲ್ಲಿ ಠೇವಣಿಯ ದಿನಾಂಕಕ್ಕೆ ಒಂದು ಕಾಲಂ, ಬ್ಯಾಂಕು ವರದಿ ಮಾಡಿದ ದಿನಾಂಕಕ್ಕೆ ಇನ್ನೊಂದು ಕಾಲಂ ಇರುವುದು ಇದಕ್ಕಾಗಿಯೇ. ಈ ಎರಡರ ನಡುವೆ ಅಂತರ ಬೀಳಬಹುದೆಂದು ನಮೂನೆ ರಚಿಸಿದವರು ಮೊದಲೇ ಎಣಿಸಿದ್ದರು.

ಒಂದು ಮಾದರಿ ಪ್ರಕರಣ ನೋಡಬಹುದು. ದಾವಣಗೆರೆಯ ವರ್ತಕರೊಬ್ಬರು ಮೇ ತಿಂಗಳ ತೆರಿಗೆಯಲ್ಲಿ ನಗದಾಗಿ ಕಟ್ಟಬೇಕಾದ 73,000 ರೂಪಾಯಿಯನ್ನು ಜೂನ್ 20ರ ಸಂಜೆ ನೆಟ್ ಬ್ಯಾಂಕಿಂಗಿನಲ್ಲಿ ಕಟ್ಟುತ್ತಾರೆ. ಮಾಸಿಕ ರಿಟರ್ನಿಗೆ ಅದೇ ಕೊನೆಯ ದಿನ. ಹಣ ಕಡಿತವಾಗುತ್ತದೆ, ಚಲನ್ ಮಾತ್ರ INITIATED ಎಂದೇ ನಿಲ್ಲುತ್ತದೆ. 21ರ ರಾತ್ರಿ ಪಿಎಂಟಿ-07 ಸಲ್ಲಿಸುತ್ತಾರೆ. 23ರಂದು ಜಮೆ ಕಾಣಿಸುತ್ತದೆ: ಠೇವಣಿಯ ದಿನಾಂಕ ಜೂನ್ 20, ವರದಿಯ ದಿನಾಂಕ ಜೂನ್ 23. ಅಂದೇ ರಿಟರ್ನ್ ಹೋಗುತ್ತದೆ.

ಶೇ 18ರ ವಾರ್ಷಿಕ ಬಡ್ಡಿಯಲ್ಲಿ ಈ ಮೊತ್ತಕ್ಕೆ ದಿನಕ್ಕೆ 36 ರೂಪಾಯಿ, ಮೂರು ದಿನಕ್ಕೆ 108. ಮೊತ್ತ ಸಣ್ಣದು, ಪ್ರಶ್ನೆ ಸಣ್ಣದಲ್ಲ. ಲೆಡ್ಜರಿನಲ್ಲಿ ಹಣ ಇಟ್ಟ ಮಾತ್ರಕ್ಕೆ ತೆರಿಗೆ ಸಂದಂತಲ್ಲ, ರಿಟರ್ನ್ ಸಲ್ಲಿಸಿ ಹೊಂದಿಸಿದಾಗಲೇ ಸಲ್ಲುತ್ತದೆ ಎಂದು ಜಾರ್ಖಂಡ್ ಹೈಕೋರ್ಟ್ ಆರ್‌ಎಸ್‌ಬಿ ಟ್ರಾನ್ಸ್‌ಮಿಷನ್ಸ್ ಪ್ರಕರಣದಲ್ಲಿ 2022ರಲ್ಲಿ ಹೇಳಿತು. ಗಡುವಿನೊಳಗೆ ಚಲನ್ ಮೂಲಕ ಕಟ್ಟಿದ ಹಣ ಸರ್ಕಾರದ ಕೈಸೇರಿರುವುದರಿಂದ ಬಡ್ಡಿ ಸಲ್ಲದು ಎಂದು ಮದ್ರಾಸ್ ಹೈಕೋರ್ಟ್ ಐಶರ್ ಮೋಟಾರ್ಸ್ ಪ್ರಕರಣದಲ್ಲಿ 2024ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ಜುಲೈಯಲ್ಲಿ 88ಬಿ ನಿಯಮಕ್ಕೆ ಬಂದ ಪರಂತುಕ ಎರಡನೆಯ ನಿಲುವಿನ ಕಡೆಗೆ ವಾಲಿತು. ಗಡುವಿನ ದಿನ ಅಥವಾ ಅದಕ್ಕೂ ಮೊದಲು ಲೆಡ್ಜರಿಗೆ ಜಮೆಯಾಗಿ, ಗಡುವಿನಿಂದ ಹೊಂದಾಣಿಕೆಯವರೆಗೆ ಅಲ್ಲೇ ಉಳಿದಿದ್ದ ಮೊತ್ತವನ್ನು ಬಡ್ಡಿಯ ಲೆಕ್ಕದಿಂದ ಬಿಡಬೇಕು. ಇದನ್ನು 49ನೇ ಸೆಕ್ಷನ್ನಿನ ವಿವರಣೆಯ ಜೊತೆಗಿಟ್ಟು ಓದಿದರೆ ದಾವಣಗೆರೆಯ ವರ್ತಕರು ಬಡ್ಡಿ ತೆರಬೇಕಾಗಿಲ್ಲವೆಂದು ವಾದಿಸಲು ಗಟ್ಟಿ ನೆಲೆಯಿದೆ. ರಿಟರ್ನ್ ಮೂರು ದಿನ ತಡವಾದದ್ದಕ್ಕೆ ದಿನಕ್ಕೆ 50ರಂತೆ 150 ರೂಪಾಯಿ ವಿಳಂಬ ಶುಲ್ಕಕ್ಕೆ ಈ ಪರಂತುಕ ಅನ್ವಯಿಸದು.

ಬ್ಯಾಂಕು 22ರಂದು ಹಣ ವಾಪಸ್ ಮಾಡಿ, ವರ್ತಕರು 23ರಂದು ಹೊಸ ಚಲನಿನಲ್ಲಿ ಮತ್ತೆ ಕಟ್ಟಿದ್ದರೆ ಕಥೆ ಬೇರೆ. ಮೊದಲ ಹಣ ಸರ್ಕಾರದ ಖಾತೆಗೆ ಸೇರಲೇ ಇಲ್ಲವಾದ್ದರಿಂದ 108 ರೂಪಾಯಿ ಬಡ್ಡಿ ತಪ್ಪುವುದು ಕಷ್ಟ. ಕಡಿತದ ಸ್ಟೇಟ್‌ಮೆಂಟ್ ಒಂದನ್ನೇ ಹಿಡಿದು ಬಡ್ಡಿಯ ನೋಟಿಸಿಗೆ ಉತ್ತರಿಸಿದರೆ ಸಾಲದು. ಉತ್ತರದಲ್ಲಿ ಲೆಡ್ಜರಿನ ಎರಡೂ ದಿನಾಂಕಗಳ ಪ್ರತಿ ಇರಬೇಕು.

ಎರಡನೆಯ ಚಲನ್

ಗಡುವಿನ ಒತ್ತಡದಲ್ಲಿ ಕೆಲವರು ಹೊಸ ಚಲನ್ ತೆಗೆದು ಮತ್ತೊಮ್ಮೆ ಕಟ್ಟುತ್ತಾರೆ. ಬಂಡವಾಳಕ್ಕೆ ಇಕ್ಕಟ್ಟಿಲ್ಲದವರಿಗೆ ಇದು ತಪ್ಪು ನಿರ್ಧಾರವೇನಲ್ಲ. ಮೊದಲ ಹಣವೂ ಆಮೇಲೆ ಜಮೆಯಾದರೆ ಹೆಚ್ಚುವರಿ ಮೊತ್ತ ಲೆಡ್ಜರಿನಲ್ಲೇ ಉಳಿದು ಮುಂದಿನ ತಿಂಗಳ ತೆರಿಗೆಗೆ ಬರುತ್ತದೆ, ಬೇಡವಾದರೆ ಆರ್‌ಎಫ್‌ಡಿ-01 ಅರ್ಜಿಯಲ್ಲಿ ಮರುಪಾವತಿ ಕೇಳಬಹುದು. ಅದೇ ಹಳೆಯ ಸಿಪಿಐಎನ್‌ಗೆ ಮತ್ತೆ ಹಣ ಕಳುಹಿಸುವುದು ಮಾತ್ರ ಕೂಡದು, ಅದರಿಂದ ತಾಳೆ ನೋಡುವ ಕೆಲಸ ಇನ್ನಷ್ಟು ಗೋಜಲಾಗುತ್ತದೆ.