ಕಾಲುವೆ ವೆಚ್ಚದ ಅಂದಾಜಿನಲ್ಲಿ ವಿಳಂಬದ ಸ್ಥಾನ: ಟಾರ್ನೆಡೊ ನಕ್ಷೆಯ ಒಂದು ಮರುಪರಿಶೀಲನೆ

ಒಂದು ಯೋಜನೆಯ ವೆಚ್ಚವನ್ನು ಹತ್ತಾರು ಅನಿಶ್ಚಿತ ಅಂಶಗಳು ಏರುಪೇರು ಮಾಡುತ್ತವೆ. ಅವುಗಳಲ್ಲಿ ಯಾವುದರ ಹೊಡೆತ ಹೆಚ್ಚು ಎಂದು ಕಾಣಲು ಬಳಸುವ ಸರಳ ಸಾಧನ ಟಾರ್ನೆಡೊ ನಕ್ಷೆ. ಒಂದೊಂದೇ ಅಂಶವನ್ನು ಅದರ ಕನಿಷ್ಠ ಮತ್ತು ಗರಿಷ್ಠ ಮೌಲ್ಯಕ್ಕೆ ಒಯ್ದು, ಉಳಿದವನ್ನು ಮೂಲ ಅಂದಾಜಿನಲ್ಲೇ ಇಟ್ಟು, ಒಟ್ಟು ವೆಚ್ಚ ಎಷ್ಟರಿಂದ ಎಷ್ಟಕ್ಕೆ ಹೋಗುತ್ತದೆ ಎಂದು ಅಡ್ಡಪಟ್ಟಿಯಾಗಿ ಬರೆಯುವುದು, ಉದ್ದ ಪಟ್ಟಿಯನ್ನು ಮೇಲೆ, ಗಿಡ್ಡದನ್ನು ಕೆಳಗೆ ಜೋಡಿಸುವುದು ಇದರ ಕ್ರಮ. ಟೆಡ್ ಎಶೆನ್‌ಬಾಕ್ 1992ರಲ್ಲಿ ಇದನ್ನು ಜೇಡಬಲೆ ನಕ್ಷೆಯೊಂದಿಗೆ ಹೋಲಿಸಿ ಎರಡರ ಅನುಕೂಲಗಳನ್ನು ವಿವರಿಸಿದ್ದಾರೆ. ಈ ಮಟ್ಟಿಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತಕರಾರು ಎದ್ದದ್ದು 2010ರಲ್ಲಿ. ಆಂಡ್ರಿಯಾ ಸಾಲ್ಟೆಲ್ಲಿ ಮತ್ತು ಪಾವೊಲಾ ಅನ್ನೋನಿ ತಮ್ಮ ಲೇಖನದಲ್ಲಿ, ಲೆಕ್ಕದ ಮಾದರಿ ಸರಳರೇಖೀಯವೆಂದು ಸಾಬೀತಾಗದ ಹೊರತು ಒಂದೊಂದೇ ಅಂಶವನ್ನು ಅಲುಗಿಸುವ ವಿಧಾನಕ್ಕೆ ಸಮರ್ಥನೆಯಿಲ್ಲ ಎಂದು ವಾದಿಸಿದರು. ಅವರ ಆಧಾರ ರೇಖಾಗಣಿತದ್ದು. ಈ ವಿಧಾನದ ಬಿಂದುಗಳೆಲ್ಲ ಅಂಶಗಳ ಪೂರ್ಣ ವ್ಯಾಪ್ತಿಯೆಂಬ ಘನದೊಳಗಿನ ಗೋಳವನ್ನು ಮೀರಿ ಹೋಗುವುದಿಲ್ಲ. ಅಂಶಗಳು ಆರಿದ್ದರೆ ಆ ಗೋಳ ಘನದ ಸುಮಾರು ಶೇ. 8ರಷ್ಟು, ಹತ್ತಿದ್ದರೆ ಶೇ. 0.25ರಷ್ಟು ಮಾತ್ರ. ಮೂಲೆಗಳಲ್ಲಿ ಎರಡು ಮೂರು ಅಂಶಗಳು ಒಟ್ಟಿಗೆ ಕೆಟ್ಟಾಗ ಏನಾಗುತ್ತದೆ ಎಂಬುದು ನಕ್ಷೆಗೆ ತಿಳಿಯುವುದೇ ಇಲ್ಲ.

ಈ ಟೀಕೆಯ ಗಣಿತ ಸರಿ. ಆದರೆ ಕಾಲುವೆ ಕಾಮಗಾರಿಯಂಥ ವೆಚ್ಚದ ಅಂದಾಜಿನಲ್ಲಿ ಟಾರ್ನೆಡೊ ನಕ್ಷೆ ದಾರಿ ತಪ್ಪಿಸುವುದು ಬೇರೆ ಎರಡು ಕಾರಣಗಳಿಂದ ಎಂಬುದು ಈ ಲೇಖನದ ವಾದ.

ಮಾದರಿ ಲೆಕ್ಕ

ಆದೋನಿ ಸೀಮೆಯ ಪೆದ್ದಕಡುಬೂರಿನಂಥ ಎರೆಭೂಮಿಯನ್ನು ತೆಗೆದುಕೊಳ್ಳೋಣ. ತುಂಗಭದ್ರೆಯ ಕೆಳಮಟ್ಟದ ಕಾಲುವೆ, ಅಂದರೆ ಎಲ್‌ಎಲ್‌ಸಿ, ಹೊಸಪೇಟೆಯ ಅಣೆಕಟ್ಟಿನಿಂದ ಬಳ್ಳಾರಿ ಜಿಲ್ಲೆ ದಾಟಿ ಪಶ್ಚಿಮ ಕರ್ನೂಲಿಗೆ ಬರುತ್ತದೆ. ಇಲ್ಲಿ ಅದರ ಕೊನೆಯ ಭಾಗಕ್ಕೆ ಏತದ ನೀರನ್ನು ಸೇರಿಸುವ ಒಂದು ಉಪಕಾಲುವೆ ಎಂದುಕೊಳ್ಳಿ. ಮುಂದಿನ ಅಂಕಿಗಳು ಮಂಜೂರಾದ ಯಾವುದೇ ಕಾಮಗಾರಿಯವಲ್ಲ. ವಾದವನ್ನು ಪರೀಕ್ಷಿಸಲು ಕಟ್ಟಿದ ಮಾದರಿ.

ಅಗೆತ 5 ಲಕ್ಷ ಘನ ಮೀಟರ್. ಮಣ್ಣಿಗೆ ಘನ ಮೀಟರಿಗೆ 100 ರೂ., ಗಟ್ಟಿಬಂಡೆಗೆ 500 ರೂ. ಬಂಡೆಯ ಪಾಲು ಶೇ. 20 ಎಂದು ಹಿಡಿದರೆ ಅಗೆತಕ್ಕೆ 9 ಕೋಟಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಸಿದರೆ ಹಾಸು ಸೀಳುತ್ತದೆ. ಆದ್ದರಿಂದ ಐಎಸ್ 9451 ಮಾರ್ಗಸೂಚಿಯಂತೆ ಹಾಸಿನ ಕೆಳಗೆ ಉಬ್ಬದ ಅಂಟುಮಣ್ಣಿನ ಪದರ ಬೇಕು. 80 ಸಾವಿರ ಘನ ಮೀಟರ್ ಮಣ್ಣನ್ನು 10 ಕಿ.ಮೀ. ದೂರದಿಂದ ತಂದರೆ ಅದಕ್ಕೆ 2.4 ಕೋಟಿ. ಇದರಲ್ಲಿ ಸಾಗಣೆ ಘನ ಮೀಟರಿಗೆ ಪ್ರತಿ ಕಿಲೋಮೀಟರಿಗೆ 10 ರೂ., ಉಳಿದದ್ದು ಮಣ್ಣಿನ ವೆಚ್ಚ. ಹಾಸಿಗೆ 5 ಕೋಟಿ, ಪಂಪು ಮತ್ತು ಯಂತ್ರಗಳಿಗೆ 8 ಕೋಟಿ. ಹೀಗೆ ಕಾಮಗಾರಿ 24.4 ಕೋಟಿ.

ಜಮೀನು 120 ಎಕರೆ, ಮಾರುಕಟ್ಟೆ ಬೆಲೆ ಎಕರೆಗೆ 5 ಲಕ್ಷ. 1 ಜನವರಿ 2014ರಿಂದ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆಯ ಪ್ರಕಾರ ಗ್ರಾಮೀಣ ಜಮೀನಿನ ಬೆಲೆಯನ್ನು ಸರ್ಕಾರ ನಿಗದಿಪಡಿಸುವ 1ರಿಂದ 2ರ ನಡುವಣ ಗುಣಕದಿಂದ ಹೆಚ್ಚಿಸಿ, ಅದಕ್ಕೆ ಶೇ. 100 ಸೊಲೇಷಿಯಂ ಸೇರಿಸಬೇಕು. ಅದರ ಮೇಲೆ, ಅಧಿಸೂಚನೆಯಿಂದ ಐತೀರ್ಪಿನವರೆಗೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ. 12ರ ಹೆಚ್ಚುವರಿ. ಗುಣಕ 1.25 ಮತ್ತು ಅವಧಿ ಒಂದು ವರ್ಷವಾದರೆ ಜಮೀನಿಗೆ 15.72 ಕೋಟಿ. ಮೊದಲ ವರ್ಷ ಮೀರಿದ ಪ್ರತಿ ವರ್ಷಕ್ಕೂ ಕಾಮಗಾರಿ ದರ ಶೇ. 5 ಏರುತ್ತದೆ ಎಂದು ಹಿಡಿದಿದ್ದೇನೆ. ಒಟ್ಟು ಅಂದಾಜು 40.12 ಕೋಟಿ.

ಮೊದಲ ದೋಷ: ಎಲ್ಲಕ್ಕೂ ಒಂದೇ ಶೇಕಡಾವಾರು

ಯೋಜನಾ ವರದಿಗಳಲ್ಲಿ ಎಲ್ಲ ಅಂಶಗಳನ್ನೂ ಶೇ. 10 ಮೇಲೆ, ಶೇ. 10 ಕೆಳಗೆ ಒಯ್ದು ಸೂಕ್ಷ್ಮತಾ ವಿಶ್ಲೇಷಣೆ ಮುಗಿಸುವ ವಾಡಿಕೆಯಿದೆ. ಇದರಿಂದ ಸಿಗುವುದು ಸೂತ್ರದಲ್ಲಿ ಆ ಅಂಶಕ್ಕಿರುವ ತೂಕ ಮಾತ್ರ. ಆ ಅಂಶದ ಬಗ್ಗೆ ನಮಗೆ ಎಷ್ಟು ಗೊತ್ತಿಲ್ಲ ಎಂಬುದು ಅದರಲ್ಲಿ ಸೇರುವುದಿಲ್ಲ. ಪಂಪಿನ ಬೆಲೆಗೆ ತಯಾರಕರ ದರಪಟ್ಟಿಯಿದೆ, ಅದು 7.6ರಿಂದ 8.8 ಕೋಟಿಯೊಳಗೆ ನಿಲ್ಲುತ್ತದೆ. ಬಂಡೆಯ ಪಾಲಿಗೆ ಅಂಥ ಆಸರೆಯಿಲ್ಲ. ಎರೆಯ ಕೆಳಗೆ ಬಂಡೆ ಎಷ್ಟು ಆಳದಲ್ಲಿದೆ ಎಂಬುದು ಪರೀಕ್ಷಾ ಗುಂಡಿ ತೋಡಿದ ಕಡೆ ಮಾತ್ರ ಗೊತ್ತು. ಗುಂಡಿಗಳು ವಿರಳವಾದರೆ ಶೇ. 10ರಿಂದ 45ರವರೆಗೆ ಏನೂ ಇರಬಹುದು.

ಅಂಟುಮಣ್ಣಿನ ಸಾಗಣೆಯನ್ನು 4ರಿಂದ 25 ಕಿ.ಮೀ., ಹಾಸನ್ನು 4.7ರಿಂದ 5.5 ಕೋಟಿ, ಜಮೀನಿನ ಬೆಲೆಯನ್ನು 4ರಿಂದ 9 ಲಕ್ಷ, ವಿಳಂಬವನ್ನು ಅಳೆಯುವ ಅವಧಿಯನ್ನು 1ರಿಂದ 4 ವರ್ಷ ಎಂದಿಟ್ಟರೆ ಪಟ್ಟಿಗಳ ಉದ್ದ ಕೋಟಿ ರೂಪಾಯಿಗಳಲ್ಲಿ ಹೀಗೆ ಬರುತ್ತದೆ:

| ಅಂಶ | ಎಲ್ಲಕ್ಕೂ ಶೇ. 10 | ನಿಜ ವ್ಯಾಪ್ತಿ |
|---|---|---|
| ಜಮೀನಿನ ಬೆಲೆ | 3.14 | 15.72 |
| ಪಂಪು, ಯಂತ್ರ | 1.60 | 1.20 |
| ಕಾಂಕ್ರೀಟ್ ಹಾಸು | 1.00 | 0.80 |
| ಬಂಡೆಯ ಪಾಲು | 0.80 | 7.00 |
| ವಿಳಂಬ | 0.39 | 5.82 |
| ಮಣ್ಣಿನ ಸಾಗಣೆ | 0.16 | 1.68 |

ಎರಡನೆಯ ಸ್ಥಾನದ ಪಂಪು ಐದಕ್ಕೆ ಇಳಿಯುತ್ತದೆ. ನಾಲ್ಕರಲ್ಲಿದ್ದ ಬಂಡೆ ಎರಡಕ್ಕೆ, ಐದರಲ್ಲಿದ್ದ ವಿಳಂಬ ಮೂರಕ್ಕೆ ಏರುತ್ತವೆ. ಮೊದಲ ನಕ್ಷೆ ನಂಬಿದ ಎಂಜಿನಿಯರ್ ಪಂಪಿನ ಬೆಲೆಗಾಗಿ ಚೌಕಾಶಿ ಮಾಡುತ್ತಾರೆ. ಎರಡನೆಯದು ನೋಡಿದವರು ಇನ್ನಷ್ಟು ಪರೀಕ್ಷಾ ಗುಂಡಿ ತೋಡಿಸುತ್ತಾರೆ. ವರದಿಯಲ್ಲಿ ಈ ದೋಷವನ್ನು ಗುರುತಿಸುವುದು ಸುಲಭ. ಪಟ್ಟಿಗಳೆಲ್ಲ ಮೂಲರೇಖೆಯ ಎರಡೂ ಬದಿಗೆ ಸಮನಾಗಿದ್ದರೆ ವ್ಯಾಪ್ತಿಗಳನ್ನು ಯಾರೂ ಹುಡುಕಿಲ್ಲ ಎಂದರ್ಥ. ನಿಜ ವ್ಯಾಪ್ತಿಯ ಪಟ್ಟಿಗಳು ಸಾಮಾನ್ಯವಾಗಿ ಬಲಕ್ಕೆ, ವೆಚ್ಚ ಏರುವ ಕಡೆಗೆ, ಉದ್ದವಾಗಿರುತ್ತವೆ. ಇಲ್ಲಿ ಬಂಡೆ ಎಡಕ್ಕೆ 2 ಕೋಟಿ, ಬಲಕ್ಕೆ 5 ಕೋಟಿ. ವಿಳಂಬಕ್ಕಂತೂ ಎಡಬದಿಯೇ ಇಲ್ಲ.

ಎರಡನೆಯ ದೋಷ: ಹೆತ್ತ ಅಂಶವೂ ಹುಟ್ಟಿದ ಅಂಶವೂ ಒಂದೇ ಸಾಲಿನಲ್ಲಿ

ಈಗ ಸಾಲ್ಟೆಲ್ಲಿ ಅವರ ಟೀಕೆಯನ್ನು ಇದೇ ಲೆಕ್ಕಕ್ಕೆ ಒಡ್ಡೋಣ. ಜಮೀನಿನ ಬೆಲೆಯನ್ನೂ ವಿಳಂಬವನ್ನೂ ಒಟ್ಟಿಗೆ ಗರಿಷ್ಠಕ್ಕೆ ಒಯ್ದರೆ ವೆಚ್ಚ 20.12 ಕೋಟಿ ಏರುತ್ತದೆ. ಬಿಡಿಬಿಡಿಯಾಗಿ ಅವೆರಡರ ಬಲಬದಿಯ ಮೊತ್ತ 18.40 ಕೋಟಿ. ನಡುವಣ ಸುಮಾರು 1.7 ಕೋಟಿಯೇ ನಕ್ಷೆಗೆ ಕಾಣದ ಪರಸ್ಪರ ಪರಿಣಾಮ. ಬಂಡೆ ಮತ್ತು ವಿಳಂಬದ ನಡುವೆ ಅದು 0.75 ಕೋಟಿ. ಅಂದಾಜು ಪಟ್ಟಿಯ ಬಹುಭಾಗ ಕೂಡಿಸುವ ಲೆಕ್ಕವಾದ್ದರಿಂದ ಮೂಲೆಗಳಲ್ಲಿ ಅಡಗಿರುವ ಹಣ ಕಡಿಮೆ. ಈ ಬಗೆಯ ಮಾದರಿಯಲ್ಲಿ ಟೀಕೆಯ ಹೊಡೆತ ಹಗುರ.

ನಿಜವಾದ ಪೆಟ್ಟು ಕಾಯ್ದೆಯ ಗಡುವಿನಲ್ಲಿದೆ. ಮಾರುಕಟ್ಟೆ ಬೆಲೆಯನ್ನು ನಿಗದಿಪಡಿಸುವುದು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ. ಅಲ್ಲಿಂದ 12 ತಿಂಗಳಲ್ಲಿ ಘೋಷಣೆ ಹೊರಡಬೇಕು, ಘೋಷಣೆಯಿಂದ 12 ತಿಂಗಳಲ್ಲಿ ಐತೀರ್ಪು ಆಗಬೇಕು. ಸರ್ಕಾರ ಅವಧಿ ವಿಸ್ತರಿಸದಿದ್ದರೆ ಪ್ರಕ್ರಿಯೆ ಬಿದ್ದುಹೋಗುತ್ತದೆ, ಹೊಸ ಅಧಿಸೂಚನೆ ಬೇಕಾಗುತ್ತದೆ, ಅದರೊಂದಿಗೆ ಹೊಸ ಬೆಲೆಯೂ ಬರುತ್ತದೆ. ಗಡುವಿನೊಳಗಿನ ವಿಳಂಬಕ್ಕೆ ತೆರುವುದು ಶೇ. 12ರ ಹೆಚ್ಚುವರಿ ಮತ್ತು ಕಾಮಗಾರಿಯ ದರ ಏರಿಕೆ. ಗಡುವು ದಾಟಿದ ವಿಳಂಬಕ್ಕೆ ತೆರುವುದು ಏರಿದ ಬೆಲೆಯ ಮೇಲೆ ಗುಣಕವನ್ನೂ ಸೊಲೇಷಿಯಂ ಅನ್ನೂ ಮತ್ತೆ ಹಾಕಿದ ಮೊತ್ತ.

ಹಾಗಿದ್ದರೆ 9 ಲಕ್ಷದ ಬೆಲೆ ಸ್ವತಂತ್ರ ಅಂಶವಲ್ಲ, ಅದು ಬಹುಮಟ್ಟಿಗೆ ವಿಳಂಬದ ಸಂತಾನ. ಸಕಾಲದಲ್ಲಿ ಅಧಿಸೂಚನೆ ಹೊರಟರೆ ಬೆಲೆಯ ಅನಿಶ್ಚಿತತೆ 4ರಿಂದ 6 ಲಕ್ಷಕ್ಕೆ ಕುಗ್ಗುತ್ತದೆ ಎನ್ನೋಣ. ಆಗ ಬೆಲೆಯ ಪಟ್ಟಿ 6.29 ಕೋಟಿಗೆ ಇಳಿಯುತ್ತದೆ. ವಿಳಂಬದ ಪಟ್ಟಿಗೆ ಮರು ಅಧಿಸೂಚನೆಯ ವೆಚ್ಚ ಸೇರಿ ಅದು 16.24 ಕೋಟಿಯಾಗುತ್ತದೆ. ಮೂರನೆಯ ಸ್ಥಾನದಲ್ಲಿದ್ದ ವಿಳಂಬ ಮೊದಲನೆಯದಾಗುತ್ತದೆ, ಬಂಡೆ ಎರಡರಲ್ಲೇ ಉಳಿಯುತ್ತದೆ, ಬೆಲೆ ಮೂರಕ್ಕೆ ಇಳಿಯುತ್ತದೆ.

ಇಲ್ಲಿಂದ ಈ ಲೇಖನದ ಮುಖ್ಯ ಪ್ರತಿಪಾದನೆ: ಜಮೀನು ಸ್ವಾಧೀನವಿರುವ ನೀರಾವರಿ ಅಂದಾಜಿನಲ್ಲಿ ಅಂಶಗಳ ಪರಸ್ಪರ ಪರಿಣಾಮಕ್ಕಿಂತ ಅವುಗಳ ಅವಲಂಬನೆಯನ್ನು ಮರೆಯುವುದೇ ದೊಡ್ಡ ತಪ್ಪು. ಅಂಶಗಳನ್ನು ಸ್ವತಂತ್ರವೆಂದು ಹಿಡಿದು ಸಾವಿರಾರು ಬಾರಿ ಲೆಕ್ಕ ಹಾಕುವ ಸಮಗ್ರ ವಿಧಾನವೂ ಅದೇ ತಪ್ಪನ್ನೇ ಮಾಡುತ್ತದೆ. ಇದನ್ನು ಮೂರು ಮಿತಿಗಳೊಂದಿಗೆ ಓದಬೇಕು. ಪರಸ್ಪರ ಅವಲಂಬಿತ ಅಂಶಗಳನ್ನು ನಿಭಾಯಿಸುವ ಸಮಗ್ರ ವಿಧಾನಗಳೂ ಇವೆ, ಅವುಗಳ ಮೇಲೆ ನನ್ನ ಆಕ್ಷೇಪವಿಲ್ಲ. ಪಂಪಿನ ಸಾಮರ್ಥ್ಯ, ವಿದ್ಯುತ್, ನೀರಿನ ಲಭ್ಯತೆ ಸೇರುವ ಲಾಭ-ವೆಚ್ಚದ ಲೆಕ್ಕ ಕೂಡಿಸುವ ಲೆಕ್ಕವಲ್ಲ, ಅಲ್ಲಿ ಸಾಲ್ಟೆಲ್ಲಿ ಅವರ ಮಾತು ಪೂರ್ತಿ ನಿಲ್ಲುತ್ತದೆ. ಮತ್ತು ವಿಳಂಬದ ಪಟ್ಟಿ 16.24 ಆಗುವುದು ಪ್ರಕ್ರಿಯೆ ಬಿದ್ದುಹೋದರೆ ಮಾತ್ರ. ವಿಸ್ತರಣೆ ಸಿಕ್ಕರೆ ಅದು 5.82ರಲ್ಲೇ ನಿಲ್ಲುತ್ತದೆ.

ಕೃಷ್ಣೆಯ ಸಾಕ್ಷ್ಯ

ಮಾದರಿಯ ಹೊರಗೂ ಇದಕ್ಕೆ ಸಾಕ್ಷ್ಯವಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕು. ಇದರ ಅಂದಾಜು ಮೊದಲು 17,207 ಕೋಟಿ ಇತ್ತು, 2014-15ರ ದರದಲ್ಲಿ 51,148 ಕೋಟಿಯಾಯಿತು. ಈ ಎರಡು ಅಂದಾಜುಗಳ ನಡುವೆ ಹೊಸ ಭೂಸ್ವಾಧೀನ ಕಾಯ್ದೆ ಬಂತು. ಏರಿಕೆಯೆಲ್ಲ ಅದರಿಂದಲೇ ಆಯಿತು ಎನ್ನಲಾಗದು, ದರ ಮತ್ತು ಕಾಮಗಾರಿಯ ಪಾಲೂ ಇದೆ. ಆದರೂ ತಡವಾದ ಯೋಜನೆ ಹೊಸ ಕಾಯ್ದೆಯ ಗುಣಕಕ್ಕೆ ಸಿಕ್ಕಿತು ಎಂಬುದು ಸ್ಪಷ್ಟ.

2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಖುಷ್ಕಿಯಾದರೆ 30 ಲಕ್ಷ ಎಂದು ನಿರ್ಧರಿಸಿತು. ಮುಳುಗುವ ಜಮೀನು 75,563 ಎಕರೆ. ಎಲ್ಲವೂ ಖುಷ್ಕಿ ಎಂಬುದಕ್ಕೂ ಎಲ್ಲವೂ ನೀರಾವರಿ ಎಂಬುದಕ್ಕೂ ನಡುವಣ ವ್ಯತ್ಯಾಸ 7,556 ಕೋಟಿ. ಬೆಲೆ ನಿಗದಿಯಾದ ಮೇಲೂ ಯಾವ ಸರ್ವೆ ನಂಬರಿಗೆ ಯಾವ ವರ್ಗ ಎಂಬ ಒಂದು ಪ್ರಶ್ನೆ ಇಷ್ಟು ಉದ್ದದ ಪಟ್ಟಿಯಾಗಿ ಉಳಿಯಬಲ್ಲದು. ನಿಜದ ಹಂಚಿಕೆ ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತದೆ. ವೆಚ್ಚ ಏರಲು ಹೊಸದಾಗಿ ಜಮೀನು ಸೇರಬೇಕಿಲ್ಲ, ಮಂಜೂರಾತಿ ಮತ್ತು ಸರ್ವೆಯ ನಡುವೆ ಕೊಳವೆಬಾವಿ ತೋಡಿದ ಖುಷ್ಕಿ ಜಮೀನು ನೀರಾವರಿ ವರ್ಗಕ್ಕೆ ಸೇರಿದರೆ ಸಾಕು. ಅಲ್ಲಿಯೂ ವಿಳಂಬವೇ ಹೆತ್ತ ಅಂಶ.

ಉಳಿದ ಪ್ರಶ್ನೆ

ನಕ್ಷೆಯನ್ನು ಕೈಬಿಡಬೇಕಿಲ್ಲ. ಬರೆಯುವ ಮೊದಲು ಪ್ರತಿ ಅಂಶದ ವ್ಯಾಪ್ತಿಯನ್ನು ಅದರ ಮೂಲದಿಂದ, ಅಂದರೆ ಗುಂಡಿಯಿಂದ, ದರಪಟ್ಟಿಯಿಂದ, ಉಪನೋಂದಣಿ ಕಚೇರಿಯ ಕ್ರಯಪತ್ರಗಳಿಂದ ಪಡೆಯಬೇಕು. ಒಂದರಿಂದ ಇನ್ನೊಂದು ಹುಟ್ಟುತ್ತದೆಯೇ ಎಂದು ಕೇಳಿ, ಹುಟ್ಟುವುದನ್ನು ಹೆತ್ತದ್ದರ ಪಟ್ಟಿಯೊಳಗೆ ಸೇರಿಸಬೇಕು.

ಗಡುವು ದಾಟುವ ಸಂಭವ ಎಷ್ಟು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಅದನ್ನು ಸೂತ್ರದಿಂದ ತೆಗೆಯಲಾಗದು, ಮುಗಿದ ಕಾಮಗಾರಿಗಳ ದಾಖಲೆಯಿಂದಲೇ ತೆಗೆಯಬೇಕು. ತುಂಗಭದ್ರೆ ಮತ್ತು ಕೃಷ್ಣೆಯ ಕಾಲುವೆಗಳಿಗೆ ಆದ ಪ್ರತಿ ಸ್ವಾಧೀನದ ಅಧಿಸೂಚನೆ, ಘೋಷಣೆ ಮತ್ತು ಐತೀರ್ಪಿನ ದಿನಾಂಕಗಳನ್ನು ಮೊದಲ ಹಾಗೂ ಕೊನೆಯ ವೆಚ್ಚದೊಂದಿಗೆ ಒಂದೆಡೆ ಪ್ರಕಟಿಸುವಂತೆ ಕರ್ನಾಟಕ ಮತ್ತು ಆಂಧ್ರಪ್ರದೇಶದ ಜಲಸಂಪನ್ಮೂಲ ಇಲಾಖೆಗಳನ್ನು ಕೋರುತ್ತೇನೆ.