ಭಾರತದ ಸಂವಿಧಾನ ರಚನೆ ಮತ್ತು ಆಡಳಿತ ಭಾಷೆಯ ಚರ್ಚೆ

ಭಾರತದ ಸಂವಿಧಾನವನ್ನು ಸಂವಿಧಾನ ರಚನಾ ಸಭೆಯು 1946ರ ಡಿಸೆಂಬರ್ 9ರಿಂದ 1949ರ ನವೆಂಬರ್ 26ರವರೆಗೆ ಚರ್ಚಿಸಿ ರೂಪಿಸಿತು. ಸಭೆಯ ಮುಂದೆ ಬಂದ ವಿಷಯಗಳಲ್ಲಿ ಅತ್ಯಂತ ಬಿಸಿಯೇರಿದ ವಾದಗಳಿಗೆ ಕಾರಣವಾದವುಗಳಲ್ಲಿ ಒಕ್ಕೂಟದ ಆಡಳಿತ ಭಾಷೆಯ ಪ್ರಶ್ನೆಯೂ ಒಂದು. ಸಂವಿಧಾನದ 17ನೆಯ ಭಾಗದಲ್ಲಿರುವ 343ರಿಂದ 351ರವರೆಗಿನ ವಿಧಿಗಳು ಈ ವಾದದಿಂದ ಮೂಡಿದ ರಾಜಿಯ ಫಲವಾಗಿವೆ.

ಕರಡಿನ ಹಾದಿ

ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದವರು ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್. ಅವರು ಸಭೆಯ ಸದಸ್ಯರಾಗಿರಲಿಲ್ಲ. ವಿವಿಧ ಸಮಿತಿಗಳ ವರದಿಗಳನ್ನು ಆಧರಿಸಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರೇ. ಅದನ್ನು ಪರಿಶೀಲಿಸಿ ತಿದ್ದುವ ಹೊಣೆ 1947ರ ಆಗಸ್ಟ್ 29ರಂದು ನೇಮಕಗೊಂಡ, ಡಾ. ಬಿ. ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯ ಮೇಲಿತ್ತು. ಬಿ. ಎಲ್. ಮಿತ್ತರ್ ಅವರಿಂದ ತೆರವಾದ ಸ್ಥಾನಕ್ಕೆ ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಬಂದರು. ಸಮಿತಿಯು 1948ರ ಫೆಬ್ರವರಿ 21ರಂದು ತನ್ನ ಕರಡನ್ನು ಸಭಾಧ್ಯಕ್ಷ ರಾಜೇಂದ್ರ ಪ್ರಸಾದರಿಗೆ ಒಪ್ಪಿಸಿತು.

ಈ ಕರಡಿನಲ್ಲಿ ಸಂಸತ್ತಿನ ಕಲಾಪ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ವಿಧಿಯಿತ್ತಾದರೂ ಒಕ್ಕೂಟದ ಆಡಳಿತ ಭಾಷೆಗೆ ಮೀಸಲಾದ ಅಧ್ಯಾಯವೇ ಇರಲಿಲ್ಲ. ಒಮ್ಮತ ಮೂಡದ ಪ್ರಶ್ನೆಯನ್ನು ಕೊನೆಯವರೆಗೆ ಮುಂದೂಡುವುದು ಸಭೆಯ ಕಾರ್ಯವಿಧಾನವಾಗಿತ್ತು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಭಿನ್ನಾಭಿಪ್ರಾಯದ ಬೇರುಗಳು

ವಿವಾದ ಸಭೆಯ ಆರಂಭದ ದಿನಗಳಿಂದಲೇ ಇತ್ತು. 1946ರ ಡಿಸೆಂಬರಿನಲ್ಲಿಯೇ ಆರ್. ವಿ. ಧುಲೇಕರ್ ಹಿಂದುಸ್ತಾನಿಯಲ್ಲಿ ಮಾತನಾಡಿ, ಆ ಭಾಷೆ ಅರಿಯದವರು ಸಂವಿಧಾನ ರಚನೆಗೆ ಅರ್ಹರಲ್ಲವೆಂಬ ಅರ್ಥದ ಮಾತನ್ನಾಡಿದ್ದರು. ದೇವನಾಗರಿ ಮತ್ತು ಉರ್ದು ಎರಡೂ ಲಿಪಿಗಳಲ್ಲಿ ಬರೆಯುವ ಹಿಂದುಸ್ತಾನಿಯೇ ಸಾಮಾನ್ಯ ಭಾಷೆಯಾಗಬೇಕೆಂಬುದು ಗಾಂಧೀಜಿಯವರ ನಿಲುವಾಗಿತ್ತು. ದೇಶ ವಿಭಜನೆಯ ನಂತರ ಆ ಪಕ್ಷ ಬಲಗುಂದಿ, ದೇವನಾಗರಿಯ ಹಿಂದಿಯ ಪರ ಒಲವು ಹೆಚ್ಚಿತು. ಪುರುಷೋತ್ತಮದಾಸ ಟಂಡನ್, ಸೇಠ್ ಗೋವಿಂದದಾಸ್, ರವಿಶಂಕರ ಶುಕ್ಲ ಮೊದಲಾದವರು ಈ ಬಣದ ಪ್ರಮುಖರು.

ಇನ್ನೊಂದೆಡೆ ದಕ್ಷಿಣದ ಸದಸ್ಯರ ಆತಂಕ ಕೇವಲ ಭಾವನಾತ್ಮಕವಾಗಿರಲಿಲ್ಲ. ಇಂಗ್ಲಿಷನ್ನು ಒಮ್ಮೆಲೇ ತೆಗೆದರೆ ಕೇಂದ್ರದ ನೌಕರಿ, ನ್ಯಾಯಾಲಯ ಮತ್ತು ಸಂಸತ್ತಿನಲ್ಲಿ ಹಿಂದಿ ಮಾತೃಭಾಷೆಯಾದವರಿಗೆ ಸಹಜವಾಗಿಯೇ ಮೇಲುಗೈ ದೊರೆಯುತ್ತಿತ್ತು. ಮದ್ರಾಸಿನ ಟಿ. ಟಿ. ಕೃಷ್ಣಮಾಚಾರಿ 1948ರ ನವೆಂಬರಿನಲ್ಲಿ, ಅಖಂಡ ಭಾರತ ಬೇಕೋ ಹಿಂದಿ ಭಾರತ ಬೇಕೋ ಎಂಬುದನ್ನು ಉತ್ತರದ ಮಿತ್ರರೇ ನಿರ್ಧರಿಸಬೇಕೆಂದು ಎಚ್ಚರಿಸಿದರು.

ಮುನ್ಶಿ–ಅಯ್ಯಂಗಾರ್ ಸೂತ್ರ

ಕರಡು ಸಮಿತಿಯ ಸದಸ್ಯರಾದ ಕೆ. ಎಂ. ಮುನ್ಶಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಅವರ ಹೆಸರಿನಿಂದ ರಾಜಿಸೂತ್ರ ಪ್ರಸಿದ್ಧವಾಯಿತು. 1949ರ ಸೆಪ್ಟೆಂಬರ್ 12ರಂದು ಅಯ್ಯಂಗಾರ್ ಅದನ್ನು ಮಂಡಿಸಿದರು. ಚರ್ಚೆ ಮೂರು ದಿನ ನಡೆಯಿತು. ಹಿಂದಿಯ ಬದಲು ಸಂಸ್ಕೃತವೇ ಇರಲೆಂದು ಲಕ್ಷ್ಮೀಕಾಂತ ಮೈತ್ರ ತಿದ್ದುಪಡಿ ಸೂಚಿಸಿದರು, ಅದು ಅಂಗೀಕಾರವಾಗಲಿಲ್ಲ.

ಸೂತ್ರದ ತಿರುಳು ಹೀಗಿತ್ತು. ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ ಭಾಷೆಯಾಗುವುದು. ಆದರೆ ಅದನ್ನು ರಾಷ್ಟ್ರಭಾಷೆ ಎನ್ನದೆ ಆಡಳಿತ ಭಾಷೆ ಎಂದಷ್ಟೇ ಕರೆಯುವುದು. ಇಂಗ್ಲಿಷ್ ಸಂವಿಧಾನ ಜಾರಿಯಾದಂದಿನಿಂದ 15 ವರ್ಷ ಮೊದಲಿನಂತೆಯೇ ಮುಂದುವರಿಯುವುದು. ಅವಧಿ ಮುಗಿದ ಮೇಲೂ ಇಂಗ್ಲಿಷನ್ನು ಉಳಿಸಿಕೊಳ್ಳಲು ಸಂಸತ್ತು ಕಾನೂನು ಮಾಡಬಹುದೆಂಬ ಉಪವಿಧಿಯೂ ಸೇರಿತು. ಹಿಂದಿಯ ಪರ ಇದ್ದವರಿಗೆ ತತ್ತ್ವದಲ್ಲಿ ಗೆಲುವು, ಉಳಿದವರಿಗೆ ಕಾಲಾವಕಾಶ ದೊರೆಯಿತೆನ್ನಬಹುದು.

ವಿಚಿತ್ರವೆಂದರೆ ಭಾಷೆಗಿಂತಲೂ ಹೆಚ್ಚು ಹಟ ಕಂಡುಬಂದದ್ದು ಅಂಕಿಗಳ ವಿಷಯದಲ್ಲಿ. ಹಿಂದಿ ಬಣವು ದೇವನಾಗರಿ ಅಂಕಿಗಳೇ ಬೇಕೆಂದಿತು. ದಕ್ಷಿಣದವರು ಜಗತ್ತೆಲ್ಲ ಬಳಸುವ 1, 2, 3 ರೂಪವನ್ನು ಬಿಡಲೊಪ್ಪಲಿಲ್ಲ. ಅಂತಿಮವಾಗಿ ಇವುಗಳನ್ನು “ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ” ಎಂದು ಹೆಸರಿಸಿ 343ನೆಯ ವಿಧಿಯಲ್ಲಿ ಸೇರಿಸಲಾಯಿತು. ಈ ಅಂಕಿಗಳ ಮೂಲ ಭಾರತವೇ ಆದ್ದರಿಂದ ಹೆಸರು ಸತ್ಯಕ್ಕೂ ದೂರವಾಗಿರಲಿಲ್ಲ, ಯಾರ ಸ್ವಾಭಿಮಾನಕ್ಕೂ ಕುಂದು ತರಲಿಲ್ಲ. ಜೊತೆಗೆ, 15 ವರ್ಷಗಳ ಅವಧಿಯಲ್ಲಿ ಕೆಲವು ಕಾರ್ಯಗಳಿಗೆ ದೇವನಾಗರಿ ಅಂಕಿಗಳನ್ನೂ ಬಳಸಲು ರಾಷ್ಟ್ರಪತಿಗಳು ಅನುಮತಿಸಬಹುದೆಂದು ಸೇರಿಸಲಾಯಿತು.

ರಾಜ್ಯಗಳು ತಮ್ಮ ಆಡಳಿತ ಭಾಷೆಯನ್ನು ತಾವೇ ಆರಿಸಿಕೊಳ್ಳಲು 345ನೆಯ ವಿಧಿ ಅವಕಾಶ ನೀಡಿತು. ಎಂಟನೆಯ ಅನುಸೂಚಿಯಲ್ಲಿ ಕನ್ನಡವೂ ಸೇರಿ 14 ಭಾಷೆಗಳನ್ನು ಹೆಸರಿಸಲಾಯಿತು. ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳ ಭಾಷೆ, ಸಂಸತ್ತು ಬೇರೆ ಕಾನೂನು ಮಾಡುವವರೆಗೆ, ಇಂಗ್ಲಿಷೇ ಆಗಿ ಉಳಿಯಿತು. ಸೆಪ್ಟೆಂಬರ್ 14ರಂದು ಸಭೆ ಈ ಭಾಗವನ್ನು ಅಂಗೀಕರಿಸಿತು.

ನಂತರದ ಬೆಳವಣಿಗೆ

15 ವರ್ಷಗಳ ಗಡುವು 1965ರ ಜನವರಿ 26ಕ್ಕೆ ಮುಗಿಯಬೇಕಿತ್ತು. ಸಂಸತ್ತು 1963ರ ಆಡಳಿತ ಭಾಷೆಗಳ ಕಾಯ್ದೆಯ ಮೂಲಕ ಇಂಗ್ಲಿಷ್ ಮುಂದುವರಿಯಬಹುದೆಂದಿತು. “ಬಹುದು” ಎಂಬ ಪದ ಸಾಕಷ್ಟು ಭರವಸೆಯಲ್ಲವೆಂಬ ಆಕ್ಷೇಪ ಅಂದೇ ಕೇಳಿಬಂತು. 1965ರಲ್ಲಿ ಮದ್ರಾಸ್ ರಾಜ್ಯದಲ್ಲಿ ತೀವ್ರ ಹಿಂದಿ ವಿರೋಧಿ ಚಳವಳಿ ನಡೆದು ಹಲವರು ಪ್ರಾಣ ಕಳೆದುಕೊಂಡರು. 1967ರ ತಿದ್ದುಪಡಿಯು, ಹಿಂದಿಯನ್ನು ಆಡಳಿತ ಭಾಷೆಯಾಗಿ ಸ್ವೀಕರಿಸದ ಎಲ್ಲ ರಾಜ್ಯಗಳ ಶಾಸನಸಭೆಗಳೂ ಸಂಸತ್ತಿನ ಎರಡೂ ಸದನಗಳೂ ನಿರ್ಣಯ ಕೈಗೊಳ್ಳುವವರೆಗೆ ಕಾಯ್ದೆಯು ಹೇಳುವ ಕಾರ್ಯಗಳಲ್ಲಿ ಇಂಗ್ಲಿಷ್ ಬಳಕೆಯನ್ನು ಕೈಬಿಡುವಂತಿಲ್ಲವೆಂದು ನಿಗದಿಪಡಿಸಿತು.